ಆಫರ್ ಇಮೇಲ್‌ಗೆ ಉತ್ತರ: ಹೆಚ್ಚಿನ ಸಂಬಳವನ್ನು ಷರತ್ತಾಗದಂತೆ ಕೇಳುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯವಳು. ಎಂ.ಕಾಂ. ಮುಗಿಸಿ ಇಲ್ಲಿಯ ಆಡಿಟರ್ ಆಫೀಸೊಂದರಲ್ಲಿ ನಾಲ್ಕು ವರ್ಷದಿಂದ ಸುಮಾರು ನಲವತ್ತು ಗ್ರಾಹಕರ ಜಿಎಸ್‌ಟಿ ಕೆಲಸ ನೋಡಿಕೊಳ್ಳುತ್ತಿದ್ದೇನೆ. ನಿನ್ನೆ ಬೆಂಗಳೂರಿನ ಕಂಪನಿಯಿಂದ ಆಫರ್ ಇಮೇಲ್ ಬಂತು. ವರ್ಷಕ್ಕೆ 5.40 ಲಕ್ಷ ಸಿಟಿಸಿ, ಐದು ದಿನದಲ್ಲಿ ಒಪ್ಪಿಗೆ ತಿಳಿಸಬೇಕಂತೆ. ಇಂಟರ್‌ವ್ಯೂನಲ್ಲಿ ನಾನು ಆರು ಲಕ್ಷದ ನಿರೀಕ್ಷೆ ಇದೆ ಎಂದಿದ್ದೆ. ಜಾಹೀರಾತಿನಲ್ಲಿ ಕರ್ನಾಟಕದ ರಿಟರ್ನ್ ಮಾತ್ರ ಅಂತಿತ್ತು, ಕೊನೆಯ ಸುತ್ತಿನಲ್ಲಿ ತಮಿಳುನಾಡು, ತೆಲಂಗಾಣದ್ದೂ ನೀವೇ ನೋಡಬೇಕು ಎಂದರು. ಹೆಚ್ಚಿಗೆ ಕೇಳಿದರೆ ಆಫರ್ ವಾಪಸ್ ತಗೊಂಡುಬಿಡುತ್ತಾರೆ ಅಂತ ಮನೆಯಲ್ಲಿ ಹೆದರುತ್ತಿದ್ದಾರೆ. ಕೇಳಬಹುದಾ? ಹೇಗೆ ಬರೆಯಲಿ? ಸಂಬಳದ ವಿವರದ ಪುಟವನ್ನೂ ಕಳಿಸಿದ್ದೇನೆ.

ಉತ್ತರ: ಕೇಳಬಹುದು. ಕಂಪನಿ ತನ್ನ ಮಾತನ್ನು ಬರಹದಲ್ಲಿ ಕೊಟ್ಟಾಗಿದೆ, ನೀವು ಇನ್ನೂ ಒಪ್ಪಿಗೆ ಕೊಟ್ಟಿಲ್ಲ; ಆದ್ದರಿಂದ ಕೇಳಲು ಇದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ. ಒಪ್ಪಿಗೆ ಕೊಟ್ಟ ಮೇಲೆ ಕೇಳಿದರೆ ಅದು ಕೊಟ್ಟ ಮಾತನ್ನು ಬದಲಿಸಿದಂತೆ ಕಾಣುತ್ತದೆ, ಕೆಲಸಕ್ಕೆ ಸೇರಿದ ಮೇಲೆ ಕೇಳಿದರೆ ವಾರ್ಷಿಕ ಇಂಕ್ರಿಮೆಂಟ್‌ವರೆಗೆ ಕಾಯಿರಿ ಎನ್ನುತ್ತಾರೆ. ನಿಮ್ಮ ಮನೆಯವರ ಹೆದರಿಕೆಯೂ ಆಧಾರವಿಲ್ಲದ್ದಲ್ಲ. ಆದರೆ ಅವರು ಅಂದುಕೊಂಡಿರುವಂತೆ ಅಪಾಯ ಇರುವುದು ಕೇಳುವುದರಲ್ಲಿ ಅಲ್ಲ, ಕೇಳಿಕೆಯನ್ನು ಯಾವ ರೂಪದಲ್ಲಿ ಬರೆಯುತ್ತೀರಿ ಎಂಬುದರಲ್ಲಿ. ಅದನ್ನು ಮೊದಲು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪತ್ರದ ಪ್ರತಿಯೊಂದು ವಾಕ್ಯವೂ ಅದರ ಮೇಲೆ ನಿಲ್ಲುತ್ತದೆ.

ನಿಮಗೆ ಬಂದಿರುವ ಇಮೇಲ್ ಕಾನೂನಿನ ದೃಷ್ಟಿಯಲ್ಲಿ ಒಂದು ಪ್ರಸ್ತಾಪ. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಪ್ರಸ್ತಾಪಕ್ಕೆ ಕೊಡುವ ಒಪ್ಪಿಗೆ ಪೂರ್ಣವಾಗಿರಬೇಕು, ಅದಕ್ಕೆ ಯಾವ ಷರತ್ತೂ ಅಂಟಿಕೊಂಡಿರಬಾರದು. ‘ಆರು ಲಕ್ಷ ಕೊಟ್ಟರೆ ಸೇರುತ್ತೇನೆ’ ಎಂದು ನೀವು ಬರೆದರೆ ಅದು ಒಪ್ಪಿಗೆಯಲ್ಲ, ಬದಲಿಗೆ ನಿಮ್ಮ ಕಡೆಯಿಂದ ಹೋದ ಹೊಸ ಪ್ರಸ್ತಾಪ, ಮತ್ತು ಅದರೊಂದಿಗೆ ಮೊದಲಿನ 5.40 ಲಕ್ಷದ ಪ್ರಸ್ತಾಪವನ್ನು ನೀವು ತಿರಸ್ಕರಿಸಿದಂತಾಗುತ್ತದೆ. ಕಂಪನಿ ಆಗುವುದಿಲ್ಲ ಎಂದ ಮೇಲೆ ‘ಹಾಗಾದರೆ 5.40ಕ್ಕೇ ಬರುತ್ತೇನೆ’ ಎಂದರೆ ಅವರು ಅದನ್ನು ಒಪ್ಪಲೇಬೇಕೆಂದಿಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ತೀರ್ಮಾನವಾದ ಹೈಡ್ ಮತ್ತು ರೆಂಚ್ ಮೊಕದ್ದಮೆಯಲ್ಲಿ ನಡೆದದ್ದು ಇದೇ. ಸಾವಿರ ಪೌಂಡಿಗೆ ಹೊಲ ಮಾರುತ್ತೇನೆಂದವನಿಗೆ ಕೊಳ್ಳುವವನು 950 ಕೊಡುತ್ತೇನೆಂದ. ಮಾರುವವನು ಒಪ್ಪದಿದ್ದಾಗ ಮತ್ತೆ ಸಾವಿರಕ್ಕೇ ಬಂದ. ಅಷ್ಟರಲ್ಲಿ ಮೊದಲ ಪ್ರಸ್ತಾಪ ಸತ್ತುಹೋಗಿತ್ತು ಎಂದು ನ್ಯಾಯಾಲಯ ಹೇಳಿತು. ಅದಕ್ಕೆ ಜೋಡಿಯಾಗಿ ಓದಬೇಕಾದದ್ದು 1880ರ ಸ್ಟೀವನ್ಸನ್ ಮತ್ತು ಮೆಕ್ಲೀನ್ ಮೊಕದ್ದಮೆ. ಅಲ್ಲಿ ಕಬ್ಬಿಣ ಕೊಳ್ಳುವವರು, ಸರಕನ್ನು ಎರಡು ತಿಂಗಳಲ್ಲಿ ಕಂತಾಗಿ ಕೊಡಲು ಸಾಧ್ಯವೇ ಎಂದು ತಂತಿ ಕಳಿಸಿ ವಿಚಾರಿಸಿದ್ದರು. ಅದು ಕೇವಲ ವಿಚಾರಣೆ, ತಿರಸ್ಕಾರವಲ್ಲ. ಆದ್ದರಿಂದ ಮೂಲ ಪ್ರಸ್ತಾಪ ಜೀವಂತವಾಗಿಯೇ ಇತ್ತು ಎಂದು ತೀರ್ಪು ಬಂತು.

ನಿಮ್ಮ ಪತ್ರ ಎರಡನೆಯ ಬಗೆಯದಾಗಿರಬೇಕು. ‘ಸಾಧ್ಯವೇ ಎಂದು ಪರಿಶೀಲಿಸಬೇಕೆಂದು ಕೋರುತ್ತೇನೆ’ ಎಂಬ ವಾಕ್ಯ ಬರೀ ಸೌಜನ್ಯದ ಮಾತಲ್ಲ. ಅದು ಈಗಿರುವ ಆಫರನ್ನು ಇದ್ದಲ್ಲಿಯೇ ಉಳಿಸಿಕೊಂಡು ಹೆಚ್ಚಿನದನ್ನು ಕೇಳುವ ದಾರಿ. ಹಾಗೆಂದು ಇದರಿಂದ ಪೂರ್ತಿ ರಕ್ಷಣೆ ಸಿಗುತ್ತದೆ ಎಂದೂ ತಿಳಿಯಬಾರದು. ಅದೇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ನಿಮ್ಮ ಒಪ್ಪಿಗೆ ಹೊರಡುವ ಮೊದಲು ಕಂಪನಿ ತನ್ನ ಪ್ರಸ್ತಾಪವನ್ನು ಹಿಂತೆಗೆದುಕೊಳ್ಳಬಹುದು. ನೀವು ಏನನ್ನೂ ಕೇಳದೆ ಸುಮ್ಮನಿದ್ದರೂ ಅವರಿಗೆ ಆ ಅಧಿಕಾರವಿದೆ. 6ನೇ ಸೆಕ್ಷನ್ ಪ್ರಕಾರ ಅವರು ಕೊಟ್ಟ ಗಡುವು ಮುಗಿದರೆ ಪ್ರಸ್ತಾಪ ತಾನಾಗಿಯೇ ಬೀಳುತ್ತದೆ. ಆದ್ದರಿಂದ ಐದು ದಿನ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉತ್ತರ ಬರುವುದು ತಡವಾಗಬಹುದು ಎನಿಸಿದರೆ ಗಡುವು ಮುಗಿಯುವ ಮೊದಲೇ ಎರಡು ದಿನ ಹೆಚ್ಚು ಕೊಡಿ ಎಂದು ಕೇಳಿ, ಅವರ ಒಪ್ಪಿಗೆಯನ್ನು ಇಮೇಲ್‌ನಲ್ಲೇ ಪಡೆದುಕೊಳ್ಳಿ.

ನೇಮಕಾತಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ವಿನಯದಿಂದ ಒಮ್ಮೆ ಕೇಳಿದ ಒಂದೇ ಕಾರಣಕ್ಕೆ ಯಾರೂ ಸುಲಭವಾಗಿ ಆಫರ್ ಹಿಂತೆಗೆದುಕೊಳ್ಳುವುದಿಲ್ಲ. ಈ ಪತ್ರ ನಿಮ್ಮ ಕೈಸೇರುವ ಹೊತ್ತಿಗೆ ಅವರು ಹಲವರನ್ನು ನೋಡಿ, ನಿಮ್ಮನ್ನು ಆರಿಸಿ, ಹಣಕಾಸು ವಿಭಾಗದ ಒಪ್ಪಿಗೆಯನ್ನೂ ಪಡೆದಿರುತ್ತಾರೆ; ಅದೆಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಲು ಅವರಿಗೂ ಮನಸ್ಸಿರುವುದಿಲ್ಲ. ಮಾತು ಮುರಿದುಬೀಳುವುದು ಬೇರೆ ಕಾರಣಗಳಿಗೆ. ಇಂಟರ್‌ವ್ಯೂನಲ್ಲಿ ಹೇಳಿದ ಅಂಕಿಗಿಂತ ಬಹಳ ಮೇಲೆ ಹೋಗುವುದು ಒಂದು. ಒಮ್ಮೆ ಪರಿಷ್ಕರಿಸಿ ಕೊಟ್ಟ ಮೇಲೂ ಮತ್ತೊಮ್ಮೆ ಕೇಳುವುದು ಇನ್ನೊಂದು. ಇವೆರಡಕ್ಕಿಂತ ಕೆಟ್ಟದ್ದು ಇಲ್ಲದ ಬೇರೆ ಆಫರ್ ಇದೆಯೆಂದು ಸುಳ್ಳು ಹೇಳುವುದು, ಏಕೆಂದರೆ ‘ಆ ಪತ್ರದ ಪ್ರತಿ ಕಳಿಸಿ’ ಎಂದು ಅವರು ಕೇಳಿದ ಕ್ಷಣಕ್ಕೆ ನಿಮ್ಮ ಹತ್ತಿರ ಉತ್ತರವಿರುವುದಿಲ್ಲ, ಮತ್ತು ಆಮೇಲೆ ನಿಮ್ಮ ಬೇರೆ ಮಾತುಗಳ ಮೇಲೂ ಅವರಿಗೆ ನಂಬಿಕೆ ಉಳಿಯುವುದಿಲ್ಲ.

ಈಗ ಅಂಕಿಗೆ ಬರೋಣ. ನೀವು ಕಳಿಸಿದ ವಿವರದ ಪುಟವನ್ನು ನೋಡಿದೆ. 5,40,000ವನ್ನು ಹನ್ನೆರಡರಿಂದ ಭಾಗಿಸಿದರೆ 45,000 ಬರುತ್ತದೆ; ಮನೆಯಲ್ಲಿ ಎಲ್ಲರೂ ಆ ಅಂಕಿಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿರಬಹುದು. ಕೈಗೆ ಬರುವುದು ಅಷ್ಟಲ್ಲ. ಬೇಸಿಕ್ 2,70,000, ಮನೆ ಬಾಡಿಗೆ ಭತ್ಯೆ 1,08,000, ವಿಶೇಷ ಭತ್ಯೆ 64,800, ಈ ಮೂರೂ ಸೇರಿ 4,42,800 ಆಗುತ್ತದೆ, ಅಂದರೆ ತಿಂಗಳಿಗೆ 36,900. ಉಳಿದದ್ದರಲ್ಲಿ ಕಂಪನಿ ಕಟ್ಟುವ ಪಿಎಫ್ 21,600, ಗ್ರಾಚ್ಯುಟಿ ಲೆಕ್ಕಕ್ಕೆ 12,987, ಆರೋಗ್ಯ ವಿಮೆಗೆ 8,613. ಪಿಎಫ್ ನಿಮ್ಮದೇ ಹಣ, ಆದರೆ ಈಗ ಕೈಗೆ ಸಿಗುವುದಿಲ್ಲ. ಗ್ರಾಚ್ಯುಟಿ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ಸೇವೆ ಆದ ಮೇಲೆ ಬರುವಂಥದ್ದು. ಕೊನೆಯ ಸಾಲಿನಲ್ಲಿ 54,000 ರೂಪಾಯಿ ‘ವೇರಿಯಬಲ್’ ಎಂದಿದೆ. ಅದು ವರ್ಷದ ಕೊನೆಗೆ, ಕಂಪನಿಯ ಮತ್ತು ನಿಮ್ಮ ಕೆಲಸದ ಅಳತೆಯ ಮೇಲೆ, ಪೂರ್ತಿಯೂ ಬರಬಹುದು, ಅರ್ಧವೂ ಬರಬಹುದು. ತಿಂಗಳ 36,900ರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಕಳೆದರೆ ಬ್ಯಾಂಕ್ ಖಾತೆಗೆ ಬರುವುದು 34,900. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟದ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ, ಆದ್ದರಿಂದ ಅದರ ಚಿಂತೆ ಬೇಡ.

ಇಷ್ಟನ್ನು ಬಿಡಿಸಿ ನೋಡಿದ್ದಕ್ಕೆ ಕಾರಣವಿದೆ. ಬಹಳ ಜನ ‘ಸಿಟಿಸಿ ಆರು ಲಕ್ಷ ಮಾಡಿ’ ಎಂದಷ್ಟೇ ಬರೆಯುತ್ತಾರೆ. ಕಂಪನಿ ಅದಕ್ಕೆ ಒಪ್ಪಿ, ಹೆಚ್ಚಿಸಿದ 60,000ವನ್ನೂ ವೇರಿಯಬಲ್ ಸಾಲಿಗೇ ಸೇರಿಸಿ ಕಳಿಸಿದರೆ ಹೇಳಲು ಏನೂ ಉಳಿಯುವುದಿಲ್ಲ, ಏಕೆಂದರೆ ಕೇಳಿದ್ದನ್ನೇ ಕೊಟ್ಟಿರುತ್ತಾರೆ ಮತ್ತು ತಿಂಗಳಿಗೆ ಬರುವುದು ಅದೇ 34,900. ಆದ್ದರಿಂದ ಕೇಳಿಕೆ ನಿಶ್ಚಿತ ಭಾಗದ ಮೇಲೆ ಇರಲಿ. ನಿಮ್ಮ ಆಫರ್‌ನಲ್ಲಿ ವೇರಿಯಬಲ್ ಬಿಟ್ಟರೆ ನಿಶ್ಚಿತ ಭಾಗ 4,86,000. ಅದನ್ನು 5,40,000 ಮಾಡಲು ಸಾಧ್ಯವೇ ಎಂದು ಕೇಳಿ. ವೇರಿಯಬಲ್ 54,000 ಹಾಗೆಯೇ ಇರಲಿ. ಒಟ್ಟು 5,94,000 ಆಗುತ್ತದೆ. ಬೇಸಿಕ್ ಈಗಿನಂತೆ ಒಟ್ಟು ಸಿಟಿಸಿಯ ಅರ್ಧವೇ ಇರುತ್ತದೆ ಎಂದು ಲೆಕ್ಕ ಹಾಕಿದರೆ ಗ್ರಾಚ್ಯುಟಿಯ ಸಾಲು ಸ್ವಲ್ಪ ಏರಿ, ಕೈಗೆ ತಿಂಗಳಿಗೆ ಸುಮಾರು 39,300 ಬರುತ್ತದೆ. ಈ ಅಂಕಿಯನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ, ಅದು ನೀವು ಇಂಟರ್‌ವ್ಯೂನಲ್ಲಿ ಹೇಳಿದ ಆರು ಲಕ್ಷದ ಒಳಗೇ ಇದೆ. ನೀವು ಹೊಸದಾಗಿ ಏನನ್ನೂ ಕೇಳುತ್ತಿಲ್ಲ, ಮೊದಲೇ ಹೇಳಿದ್ದರ ಹತ್ತಿರಕ್ಕೆ ಬನ್ನಿ ಎನ್ನುತ್ತಿದ್ದೀರಿ. ಮೊದಲು ಹೇಳಿದ್ದನ್ನು ಅವರು ಬರೆದಿಟ್ಟುಕೊಂಡಿರುತ್ತಾರೆ, ಆದ್ದರಿಂದ ಇದು ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಇದರ ಜೊತೆಗೆ ಎರಡನೆಯ ದಾರಿಯೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಪತ್ರದಲ್ಲಿ ಬರೆಯಬೇಡಿ. ಕಂಪನಿ ಒಟ್ಟು 5,40,000ಕ್ಕಿಂತ ಮೇಲೆ ಹೋಗಲಾಗದು ಎಂದರೆ, ವೇರಿಯಬಲ್‌ನ 54,000ವನ್ನು ವಿಶೇಷ ಭತ್ಯೆಗೆ ಸೇರಿಸಿ ಇಡೀ ಮೊತ್ತವನ್ನು ನಿಶ್ಚಿತ ಮಾಡಲು ಕೇಳಬಹುದು. ಆಗ ತಿಂಗಳ ಒಟ್ಟು 41,400 ಆಗಿ, ಕೈಗೆ 39,400 ಬರುತ್ತದೆ. ಮೊದಲ ದಾರಿಯಲ್ಲಿ ತಿಂಗಳಿಗೆ ಬರುವುದಕ್ಕೂ ಇದಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ವರ್ಷದ ಕೊನೆಯ ವೇರಿಯಬಲ್ ಮಾತ್ರ ಕೈತಪ್ಪುತ್ತದೆ. ಕಂಪನಿಯ ಕಾಗದದಲ್ಲಿ ಸಿಟಿಸಿ ಒಂದು ರೂಪಾಯಿಯೂ ಏರಿರುವುದಿಲ್ಲ, ಆದ್ದರಿಂದ ‘ಬಜೆಟ್ ಇಲ್ಲ’ ಎನ್ನುವವರಿಗೂ ಇದನ್ನು ಒಪ್ಪುವುದು ಸುಲಭ. ಆ ದರ್ಜೆಯವರಿಗೆಲ್ಲ ಶೇಕಡಾ ಹತ್ತು ವೇರಿಯಬಲ್ ಇರಲೇಬೇಕೆಂಬ ನಿಯಮ ಕೆಲವು ಕಂಪನಿಗಳಲ್ಲಿ ಇರುತ್ತದೆ. ಅಲ್ಲಿ ಇದು ನಡೆಯುವುದಿಲ್ಲ, ಆದರೆ ಕೇಳಿದರೆ ತಪ್ಪೇನೂ ಇಲ್ಲ.

ಕಾರಣವಾಗಿ ಏನನ್ನು ಬರೆಯಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ದಾವಣಗೆರೆಯಲ್ಲಿ ಮನೆಯಲ್ಲೇ ಇದ್ದವರು ಬೆಂಗಳೂರಿಗೆ ಹೋಗಬೇಕು, ಪಿಜಿ ಬಾಡಿಗೆ, ಊಟ, ಓಡಾಟ, ಮನೆಗೆ ಕಳಿಸಬೇಕಾದ ಹಣ; ಇದೆಲ್ಲ ನಿಜ, ಮತ್ತು ನಿಮ್ಮ ತೀರ್ಮಾನಕ್ಕೆ ಇದೆಲ್ಲವೂ ಬೇಕು. ಆದರೆ ಪತ್ರದಲ್ಲಿ ಇದು ಕೆಲಸಕ್ಕೆ ಬರುವುದಿಲ್ಲ. ಅದೇ ಹುದ್ದೆಗೆ ಬೆಂಗಳೂರಿನವರೇ ಆದ ಇನ್ನೊಬ್ಬರಿಗೆ ಕೊಡುವ ಸಂಬಳವನ್ನು ಬಿಟ್ಟು ನಿಮಗೆ ಬೇರೆ ಸಂಬಳ ಕೊಡಲು ಅವರಿಗೆ ಇದು ಕಾರಣವಾಗುವುದಿಲ್ಲ. ನಿಮ್ಮ ಇಮೇಲ್‌ಗೆ ಉತ್ತರ ಬರೆಯುವ ಎಚ್‌ಆರ್‌ನವರಿಗೆ ಸಂಬಳ ಹೆಚ್ಚಿಸುವ ಅಧಿಕಾರ ಬಹುತೇಕ ಇರುವುದಿಲ್ಲ ಎಂಬುದನ್ನು ನೆನಪಿನಲ್ಲಿಡಿ. ಅವರು ನಿಮ್ಮ ಇಮೇಲ್ ಮೇಲೆ ‘ಅಭ್ಯರ್ಥಿ ನಿಶ್ಚಿತ ಭಾಗ 5.40 ಕೇಳುತ್ತಿದ್ದಾರೆ, ದಯವಿಟ್ಟು ತಿಳಿಸಿ’ ಎಂದು ಒಂದು ಸಾಲು ಬರೆದು, ವಿಭಾಗದ ಮುಖ್ಯಸ್ಥರಿಗೋ ಹಣಕಾಸು ಮುಖ್ಯಸ್ಥರಿಗೋ ಹಾಗೆಯೇ ಫಾರ್ವರ್ಡ್ ಮಾಡುತ್ತಾರೆ. ನಿಮ್ಮನ್ನು ಒಮ್ಮೆಯೂ ನೋಡಿರದ ಆ ಮೂರನೆಯವರು ಮೊಬೈಲಿನಲ್ಲಿ ಅದನ್ನು ಓದಿ, ಹೌದು ಎನ್ನಲು ಒಂದು ಕಾರಣ ಹುಡುಕುತ್ತಾರೆ. ಅವರಿಗೆ ಸಿಗಬೇಕಾದ ಕಾರಣ ಕೆಲಸದ್ದು.

ನಿಮ್ಮ ಹತ್ತಿರ ಅಂಥ ಕಾರಣ ಗಟ್ಟಿಯಾಗಿಯೇ ಇದೆ. ಜಾಹೀರಾತಿನಲ್ಲಿ ಒಂದು ರಾಜ್ಯದ ಜಿಎಸ್‌ಟಿ ಕೆಲಸ ಇತ್ತು, ಈಗ ಮೂರು ರಾಜ್ಯ ಆಗಿದೆ. ಜಿಎಸ್‌ಟಿ ನೋಂದಣಿ ರಾಜ್ಯವಾರು ಬೇರೆಬೇರೆ ಇರುವುದರಿಂದ, ಪ್ರತಿಯೊಂದು ನೋಂದಣಿಗೂ ಜಿಎಸ್‌ಟಿಆರ್-1 ಮತ್ತು ಜಿಎಸ್‌ಟಿಆರ್-3ಬಿ ಬೇರೆಯಾಗಿ ಸಲ್ಲಿಸಬೇಕು, ಇನ್‌ಪುಟ್ ತೆರಿಗೆ ಜಮೆಯನ್ನು ಬೇರೆಯಾಗಿ ತಾಳೆ ನೋಡಬೇಕು, ನೋಟಿಸ್ ಬಂದರೆ ಬೇರೆಬೇರೆ ಅಧಿಕಾರಿಗಳಿಗೆ ಉತ್ತರಿಸಬೇಕು. ತಿಂಗಳ ರಿಟರ್ನ್ ಆದರೆ 11ನೇ ತಾರೀಖು ಮತ್ತು 20ನೇ ತಾರೀಖಿನ ಗಡುವು ಮೂರೂ ರಾಜ್ಯಗಳಿಗೆ ಒಟ್ಟಿಗೇ ಬೀಳುತ್ತವೆ. ಹಣಕಾಸು ವಿಭಾಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಒಂದರಿಂದ ಮೂರು’ ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ. ಇದರ ಪಕ್ಕದಲ್ಲಿ ನಲವತ್ತು ಗ್ರಾಹಕರ ರಿಟರ್ನ್ ನೀವೇ ನೋಡಿಕೊಳ್ಳುತ್ತಿರುವುದನ್ನು ಒಂದು ವಾಕ್ಯದಲ್ಲಿ ಹೇಳಿ. ಎರಡು ಕಾರಣ ಸಾಕು. ಐದು ಕಾರಣ ಕೊಟ್ಟರೆ ಅವರು ಅದರಲ್ಲಿ ದುರ್ಬಲವಾದದ್ದನ್ನು ಆರಿಸಿ ಅದಕ್ಕೆ ಉತ್ತರ ಬರೆಯುತ್ತಾರೆ.

ನಮ್ಮ ಊರಿನ ಅಂಗಡಿಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ, ಸಣ್ಣ ಆಫೀಸುಗಳಲ್ಲಿ ಸಂಬಳದ ವಿಷಯ ಬಾಯಿಮಾತಿನಲ್ಲೇ ಮುಗಿಯುತ್ತದೆ. ‘ಸೇರ್ಕೋ, ಕೆಲ್ಸ ನೋಡಿ ಆಮೇಲೆ ಮಾಡೋಣ’ ಎಂದು ಯಜಮಾನರು ಹೇಳುತ್ತಾರೆ, ‘ನೀವೇ ನೋಡಿ ಮಾಡ್ರಿ ಸಾರ್’ ಎಂದು ನಾವು ಹೇಳುತ್ತೇವೆ. ಪರಿಚಯ ಇರುವಲ್ಲಿ, ದಿನವೂ ಮುಖ ನೋಡುವಲ್ಲಿ ಅದು ನಡೆಯುತ್ತದೆ ಮತ್ತು ಅದರಲ್ಲಿ ಒಂದು ಮರ್ಯಾದೆಯೂ ಇದೆ. ಅದೇ ಅಭ್ಯಾಸದಲ್ಲಿ ಇಮೇಲ್ ಬರೆದಾಗ ‘ಸಂಬಳದ ಬಗ್ಗೆ ದಯವಿಟ್ಟು ಸ್ವಲ್ಪ ನೋಡಬೇಕಾಗಿ ವಿನಂತಿ’ ಎಂದು ಬರುತ್ತದೆ. ಓದಿದವರಿಗೆ ಎಷ್ಟು ಬೇಕು, ಯಾವ ಸಾಲಿನಲ್ಲಿ ಬೇಕು, ಏಕೆ ಬೇಕು ಯಾವುದೂ ತಿಳಿಯುವುದಿಲ್ಲ. ಅವರು ‘ಕಂಪನಿಯ ನಿಯಮದಂತೆ ಕೊಟ್ಟಿದ್ದೇವೆ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅಂಕಿಯನ್ನು ಸ್ಪಷ್ಟವಾಗಿ ಬರೆಯುವುದು ಒರಟುತನವಲ್ಲ. ವಿನಯವನ್ನು ವಾಕ್ಯದ ಕ್ರಿಯಾಪದದಲ್ಲಿ ಇಡಿ, ಅಂಕಿಯನ್ನು ಮಾತ್ರ ನೇರವಾಗಿ ಬರೆಯಿರಿ. ‘ನಾಲ್ಕೈದು ಸಾವಿರ ಹೆಚ್ಚು’, ‘5.8ರಿಂದ 6.2ರ ಒಳಗೆ’ ಎಂಬಂತೆ ವ್ಯಾಪ್ತಿಯನ್ನೂ ಕೊಡಬೇಡಿ. ಕೊಟ್ಟರೆ ಅವರು ಮಾತು ಶುರು ಮಾಡುವುದು ಕೆಳಗಿನ ತುದಿಯಿಂದಲೇ.

ಪತ್ರದ ಒಂದು ಮಾದರಿ ಕೊಡುತ್ತಿದ್ದೇನೆ. ನಿಮಗೆ ಬಂದ ಇಮೇಲ್ ಇಂಗ್ಲಿಷಿನಲ್ಲಿದ್ದರೆ ಇದೇ ಕ್ರಮದಲ್ಲಿ, ಇಷ್ಟೇ ಉದ್ದಕ್ಕೆ, ಸರಳ ಇಂಗ್ಲಿಷಿನಲ್ಲಿ ಬರೆಯಿರಿ. ಹೊಸ ಇಮೇಲ್ ಶುರು ಮಾಡದೆ ಅವರ ಆಫರ್ ಇಮೇಲ್‌ಗೇ ರಿಪ್ಲೈ ಮಾಡಿ. ಆಗ ಆಫರ್ ಮತ್ತು ನಿಮ್ಮ ಮನವಿ ಒಂದೇ ಕಡೆ ಇರುತ್ತವೆ.

‘ನಮಸ್ಕಾರ ಮೇಡಂ,

ಸೀನಿಯರ್ ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಯ ಆಫರ್ ಪತ್ರಕ್ಕಾಗಿ ಧನ್ಯವಾದಗಳು. ಪತ್ರವನ್ನೂ ಸಂಬಳದ ವಿವರವನ್ನೂ ಪೂರ್ತಿಯಾಗಿ ಓದಿದ್ದೇನೆ. ಈ ಕೆಲಸಕ್ಕೆ ಸೇರಲು ನನಗೆ ಆಸಕ್ತಿ ಇದೆ. ತಾವು ತಿಳಿಸಿದ ದಿನಾಂಕದೊಳಗೆ ನನ್ನ ತೀರ್ಮಾನ ತಿಳಿಸುತ್ತೇನೆ.

ಅದಕ್ಕೆ ಮೊದಲು ಒಂದು ಮನವಿ. ಜಾಹೀರಾತಿನಲ್ಲಿ ಕರ್ನಾಟಕದ ಜಿಎಸ್‌ಟಿ ರಿಟರ್ನ್‌ಗಳ ಜವಾಬ್ದಾರಿ ಇತ್ತು. ಕೊನೆಯ ಸುತ್ತಿನ ಮಾತುಕತೆಯಲ್ಲಿ ತಮಿಳುನಾಡು ಮತ್ತು ತೆಲಂಗಾಣದ ಜವಾಬ್ದಾರಿಯೂ ಸೇರಿದೆ ಎಂದು ತಿಳಿಯಿತು. ಈಗಿನ ಕಚೇರಿಯಲ್ಲಿ ಸುಮಾರು ನಲವತ್ತು ಗ್ರಾಹಕರ ರಿಟರ್ನ್‌ಗಳನ್ನು ನಾನು ನೋಡಿಕೊಳ್ಳುತ್ತಿರುವುದರಿಂದ ಈ ಜವಾಬ್ದಾರಿಯನ್ನು ಸೇರಿದ ಮೊದಲ ತಿಂಗಳಿನಿಂದಲೇ ವಹಿಸಿಕೊಳ್ಳಬಲ್ಲೆ. ಇದನ್ನು ಗಮನಿಸಿ, ವಾರ್ಷಿಕ ನಿಶ್ಚಿತ ಭಾಗವನ್ನು 4,86,000ದಿಂದ 5,40,000ಕ್ಕೆ ಪರಿಷ್ಕರಿಸಲು ಸಾಧ್ಯವೇ ಎಂದು ಪರಿಶೀಲಿಸಬೇಕೆಂದು ಕೋರುತ್ತೇನೆ. ವೇರಿಯಬಲ್ ಭಾಗ ಈಗಿರುವಂತೆಯೇ ಇರಬಹುದು. ಆಗ ಒಟ್ಟು 5,94,000 ಆಗುತ್ತದೆ. ಇದು ಇಂಟರ್‌ವ್ಯೂನಲ್ಲಿ ನಾನು ತಿಳಿಸಿದ್ದ ನಿರೀಕ್ಷೆಯ ಒಳಗೇ ಇದೆ.

ಇದು ಮನವಿ ಮಾತ್ರ, ಈಗಿನ ಆಫರ್‌ಗೆ ಷರತ್ತಲ್ಲ. ಫೋನಿನಲ್ಲಿ ಮಾತಾಡುವುದು ಅನುಕೂಲವೆನಿಸಿದರೆ ನಾಳೆ ಸಂಜೆ 5 ಗಂಟೆಯ ನಂತರ ಲಭ್ಯವಿರುತ್ತೇನೆ.

ವಂದನೆಗಳೊಂದಿಗೆ,’

ಇದರಲ್ಲಿ 4,86,000 ಮತ್ತು 5,40,000 ಎರಡನ್ನೂ ಬರೆಸಿದ್ದು ಬೇಕೆಂದೇ. ನಿಶ್ಚಿತ ಭಾಗ ಎಂದರೆ ಕೆಲವು ಕಂಪನಿಗಳಲ್ಲಿ ಪಿಎಫ್, ಗ್ರಾಚ್ಯುಟಿ ಸೇರಿದ ಮೊತ್ತ, ಕೆಲವು ಕಡೆ ತಿಂಗಳ ಸಂಬಳದ ಸಾಲುಗಳು ಮಾತ್ರ. ಎರಡೂ ಅಂಕಿ ಇದ್ದರೆ ನೀವು ಯಾವುದರ ಬಗ್ಗೆ ಹೇಳುತ್ತಿದ್ದೀರಿ ಎಂಬ ಅನುಮಾನ ಬರುವುದಿಲ್ಲ. ಇನ್ನು ‘ಷರತ್ತಲ್ಲ’ ಎಂಬ ವಾಕ್ಯದ ಬಗ್ಗೆ ಚೆನ್ನಾಗಿ ಯೋಚಿಸಿ. ಅದು ಆಫರನ್ನು ಉಳಿಸುತ್ತದೆ, ಜೊತೆಗೆ ಕೇಳಿದ್ದು ಸಿಗದಿದ್ದರೂ ನೀವು ಬರಬಹುದು ಎಂಬ ಸೂಚನೆಯನ್ನೂ ಕೊಡುತ್ತದೆ. 34,900ಕ್ಕೆ ಬೆಂಗಳೂರಿಗೆ ಹೋಗಲು ನೀವು ನಿಜವಾಗಿಯೂ ಸಿದ್ಧರಿದ್ದರೆ ಆ ವಾಕ್ಯ ಇರಲಿ. ಮನೆಯಲ್ಲಿ ಕುಳಿತು ಲೆಕ್ಕ ಹಾಕಿ, ಅಷ್ಟಕ್ಕೆ ಹೋಗುವುದೇ ಇಲ್ಲ ಎಂದು ತೀರ್ಮಾನಿಸಿದ್ದರೆ ಆ ವಾಕ್ಯವನ್ನು ಮಾತ್ರ ತೆಗೆಯಿರಿ, ಉಳಿದದ್ದು ಹಾಗೆಯೇ ಇರಲಿ. ‘ಸಾಧ್ಯವೇ ಎಂದು ಪರಿಶೀಲಿಸಿ’ ಎಂಬ ಮಾತು ಇರುವವರೆಗೆ ಅದು ಕೋರಿಕೆಯೇ ಆಗಿರುತ್ತದೆ. ಈ ತೀರ್ಮಾನ ಪತ್ರ ಕಳಿಸುವ ಮೊದಲೇ ಆಗಿರಬೇಕು, ಫೋನ್ ಬಂದಾಗ ಅಲ್ಲ.

ಆಫರ್ ಜೊತೆಗೆ ಲಿಂಕ್ ಬಂದಿದ್ದು, ಅಲ್ಲಿ ಒಪ್ಪುವ ಮತ್ತು ನಿರಾಕರಿಸುವ ಎರಡು ಬಟನ್‌ಗಳಿದ್ದರೆ ಸದ್ಯಕ್ಕೆ ಎರಡನ್ನೂ ಮುಟ್ಟಬೇಡಿ. ಮೊದಲು ಒಪ್ಪಿಬಿಟ್ಟು ಆಮೇಲೆ ಕೇಳೋಣ ಎಂದು ಕೆಲವರು ಒತ್ತುತ್ತಾರೆ, ಆಗ ಕೇಳುವ ಆಧಾರವೇ ಹೋಗುತ್ತದೆ. ಇನ್ನು ಕೆಲವರು ನಿರಾಕರಣೆಯ ಬಟನ್ ಒತ್ತಿ, ಕೆಳಗಿನ ಕಾಮೆಂಟ್ ಜಾಗದಲ್ಲಿ ತಮಗೆ ಬೇಕಾದ ಸಂಬಳ ಬರೆಯುತ್ತಾರೆ. ಆಗ ಆಫರನ್ನು ನೀವೇ ತಿರಸ್ಕರಿಸಿದಂತೆ ದಾಖಲಾಗುತ್ತದೆ.

ಪತ್ರವನ್ನು ನಾಳೆ ಬೆಳಗ್ಗೆಯೇ ಕಳಿಸಿ. ಗಡುವಿನ ಕೊನೆಯ ದಿನ ಕಳಿಸಿದರೆ ಅವರಿಗೆ ಒಳಗೆ ವಿಚಾರಿಸಲು ಸಮಯವಿರುವುದಿಲ್ಲ, ಮತ್ತು ಇಕ್ಕಟ್ಟಿಗೆ ಸಿಲುಕಿಸಿದಿರಿ ಎನಿಸುತ್ತದೆ. ಎರಡು ದಿನ ಉತ್ತರ ಬಾರದಿದ್ದರೆ ‘ನನ್ನ ಮನವಿಯ ಬಗ್ಗೆ ತಿಳಿದುಕೊಳ್ಳಲು ಬರೆಯುತ್ತಿದ್ದೇನೆ’ ಎಂದು ಒಂದೇ ಸಾಲು ಬರೆಯಿರಿ, ಕಾರಣಗಳನ್ನು ಮತ್ತೆ ಹೇಳಬೇಡಿ.

ಉತ್ತರ ಬಹುಶಃ ಇಮೇಲ್‌ನಲ್ಲಿ ಬರುವುದಿಲ್ಲ, ಫೋನ್ ಬರುತ್ತದೆ. ‘ನಿಮ್ಮ ಈಗಿನ ಸಂಬಳಕ್ಕಿಂತ ಇದು ಎಷ್ಟೋ ಹೆಚ್ಚಲ್ವಾ ಮೇಡಂ’ ಎಂದು ಶುರು ಮಾಡಬಹುದು. ಅದಕ್ಕೆ ವಾದ ಮಾಡದೆ, ‘ಹೌದು, ಹೆಚ್ಚಿದೆ, ಅದಕ್ಕೆ ಧನ್ಯವಾದ. ನಾನು ಕೇಳುತ್ತಿರುವುದು ಮೂರು ರಾಜ್ಯದ ಜವಾಬ್ದಾರಿ ಸೇರಿದ್ದರಿಂದ’ ಎಂದು ಹೇಳಿ, ಮತ್ತೆ ಕೆಲಸದ ಕಡೆಗೇ ಮಾತು ತನ್ನಿ. ‘ಬಜೆಟ್ ಇಷ್ಟೇ’ ಎಂದರೆ ಆಗ ಎರಡನೆಯ ದಾರಿಯನ್ನು ಹೇಳಿ: ಒಟ್ಟು 5.40 ಹಾಗೆಯೇ ಇರಲಿ, ವೇರಿಯಬಲ್ ಭಾಗವನ್ನು ನಿಶ್ಚಿತ ಮಾಡಲು ಆಗುತ್ತದೆಯೇ ಎಂದು ಕೇಳಿ. ಅದೂ ಇಲ್ಲ ಎಂದರೆ ಊರು ಬದಲಿಸುವ ಖರ್ಚಿಗೆ ಒಂದು ಬಾರಿಯ ಮೊತ್ತ ಕೇಳಬಹುದು. ಬೆಂಗಳೂರಿಗೆ ಹೋಗುವ ಖರ್ಚಿನ ಮಾತು ಸಲ್ಲುವುದು ಇಲ್ಲಿ, ಸಂಬಳದ ಮಾತಿನಲ್ಲಿ ಅಲ್ಲ. ಅವರು ಅದನ್ನು ಜಾಯಿನಿಂಗ್ ಬೋನಸ್ ರೂಪದಲ್ಲಿ ಕೊಟ್ಟರೆ, ವರ್ಷದೊಳಗೆ ಕೆಲಸ ಬಿಟ್ಟರೆ ವಾಪಸ್ ಕಟ್ಟಬೇಕು ಎಂಬ ಷರತ್ತು ಇದೆಯೇ ನೋಡಿ; ಬಹುತೇಕ ಇರುತ್ತದೆ. ಮುಂದಿನ ವರ್ಷದ ಇಂಕ್ರಿಮೆಂಟ್ ಲೆಕ್ಕಕ್ಕೂ ಅದು ಸೇರುವುದಿಲ್ಲ, ಆದ್ದರಿಂದ 20,000ದ ಬೋನಸ್ಸನ್ನು 20,000ದ ಸಂಬಳ ಏರಿಕೆಗೆ ಸಮ ಎಂದು ಭಾವಿಸಬೇಡಿ.

‘ಆರು ತಿಂಗಳಾದ ಮೇಲೆ ಪರಿಷ್ಕರಿಸೋಣ’ ಎಂಬ ಮಾತು ಬಂದರೆ ಅದು ನಮ್ಮ ಊರಿನ ‘ಆಮೇಲೆ ಮಾಡೋಣ’ದ ದೊಡ್ಡ ಊರಿನ ರೂಪ. ಕೆಟ್ಟ ಉದ್ದೇಶದಿಂದ ಹೇಳುತ್ತಾರೆಂದಲ್ಲ, ಆದರೆ ಆರು ತಿಂಗಳಲ್ಲಿ ಆ ಮಾತು ಕೊಟ್ಟ ಎಚ್‌ಆರ್‌ನವರು ಬೇರೆ ಕಂಪನಿಗೆ ಹೋಗಿರುತ್ತಾರೆ. ‘ತುಂಬ ಸಂತೋಷ, ಆ ತಿಂಗಳು ಮತ್ತು ಪರಿಶೀಲಿಸುವ ವಿಷಯವನ್ನು ಆಫರ್ ಪತ್ರದಲ್ಲಿ ಒಂದು ಸಾಲು ಸೇರಿಸಿ ಕೊಡಬಹುದೇ’ ಎಂದು ಕೇಳಿ. ಸೇರಿಸಿದರೆ ಅದಕ್ಕೆ ಬೆಲೆ ಇದೆ, ಸೇರಿಸದಿದ್ದರೆ ಆ ಮಾತನ್ನು ಲೆಕ್ಕದಿಂದ ಬಿಟ್ಟು ತೀರ್ಮಾನಿಸಿ. ಫೋನಿನಲ್ಲಿ ಏನೇ ಒಪ್ಪಿದರೂ ಆ ಕ್ಷಣಕ್ಕೆ ಹೌದು ಎನ್ನಬೇಡಿ. ‘ಇಮೇಲ್‌ನಲ್ಲಿ ಕಳಿಸಿ, ನೋಡಿ ಇವತ್ತೇ ತಿಳಿಸುತ್ತೇನೆ’ ಎನ್ನಿ. ಫೋನ್ ಇಟ್ಟ ಮೇಲೆ ಮಾತಾಡಿದ್ದನ್ನು ಎರಡು ಸಾಲಿನಲ್ಲಿ ನೀವೇ ಬರೆದು ಕಳಿಸಿ.

ಮಧ್ಯದ ಅಂಕಿ ಬಂದರೆ, ಉದಾಹರಣೆಗೆ ನಿಶ್ಚಿತ ಭಾಗ 5,16,000 ಎಂದರೆ, ನನ್ನ ಸಲಹೆ ಅದನ್ನು ಒಪ್ಪಿ ಮುಗಿಸಿ. ಮತ್ತೊಮ್ಮೆ ಎಳೆದರೆ ಇನ್ನೊಂದು ಹತ್ತು ಸಾವಿರ ಸಿಗಬಹುದು, ಆದರೆ ನಿಮ್ಮ ಪರವಾಗಿ ಒಳಗೆ ಒಮ್ಮೆ ಕೇಳಿ ಒಪ್ಪಿಸಿದವರು ಮುಂದೆ ನಿಮ್ಮ ಮೇಲಧಿಕಾರಿಯಾಗುವವರೇ ಇರಬಹುದು. ಅವರನ್ನು ಎರಡನೆಯ ಸಲ ಅದೇ ಬಾಗಿಲಿಗೆ ಕಳಿಸುವುದು ಸರಿಯಲ್ಲ. ಏನೂ ಹೆಚ್ಚಿಸಲಾಗದು ಎಂದು ಬಂದು, ನೀವು 5.40ಕ್ಕೇ ಸೇರುವುದಾದರೆ, ಬೇಸರದ ಒಂದು ಪದವೂ ಇಲ್ಲದೆ ಹೀಗೆ ಬರೆಯಿರಿ: ‘ಪರಿಶೀಲಿಸಿದ್ದಕ್ಕೆ ಧನ್ಯವಾದಗಳು. ದಿನಾಂಕ ಇಂತಿಷ್ಟರ ಆಫರ್ ಪತ್ರದಲ್ಲಿರುವ ಎಲ್ಲ ಅಂಶಗಳಿಗೂ ನನ್ನ ಒಪ್ಪಿಗೆ ಇದೆ.’ ಇಲ್ಲಿ ‘ಆದರೆ ಮುಂದೆ ಗಮನಿಸಬೇಕು’ ಎಂದು ಸೇರಿಸಬೇಡಿ. ಒಪ್ಪಿಗೆ ಪೂರ್ಣವಾಗಿರಬೇಕೆಂಬ 7ನೇ ಸೆಕ್ಷನ್ ಅನ್ವಯಿಸುವುದು ಈ ವಾಕ್ಯಕ್ಕೆ.

ಪರಿಷ್ಕರಿಸಿದ ಪತ್ರ ಬಂದರೆ ಮೊದಲ ಪುಟದ ಮೊತ್ತವನ್ನಷ್ಟೇ ನೋಡಿ ಸಹಿ ಮಾಡಬೇಡಿ. ಪತ್ರದ ದಿನಾಂಕ ಹೊಸದಾಗಿದೆಯೇ, ಕೊನೆಯಲ್ಲಿರುವ ಸಂಬಳದ ವಿವರದ ಪುಟವೂ ಬದಲಾಗಿದೆಯೇ ಎಂದು ನೋಡಿ. ಮೊದಲ ಪುಟ ಬದಲಿಸಿ ಹಳೆಯ ವಿವರದ ಪುಟವನ್ನೇ ಲಗತ್ತಿಸಿ ಕಳಿಸುವ ಅಚಾತುರ್ಯ ನಡೆಯುತ್ತಲೇ ಇರುತ್ತದೆ, ಸಂಬಳ ಲೆಕ್ಕ ಹಾಕುವವರು ನೋಡುವುದು ಆ ವಿವರದ ಪುಟವನ್ನೇ. ಹೆಚ್ಚಿದ ಮೊತ್ತ ಯಾವ ಸಾಲಿಗೆ ಸೇರಿದೆ ಎಂದು ನೋಡಿ, ಮೇಲೆ ಹೇಳಿದಂತೆ ಕೈಗೆ ಬರುವುದನ್ನು ಮತ್ತೊಮ್ಮೆ ಲೆಕ್ಕ ಹಾಕಿ. ಹೊಸ ಪತ್ರಕ್ಕೆ ನಿಮ್ಮ ಒಪ್ಪಿಗೆ ಹೋಗಿ, ಅದು ತಲುಪಿತು ಎಂದು ಅವರಿಂದ ಇಮೇಲ್ ಬಂದ ಮೇಲೆಯೇ ಈಗಿನ ಆಡಿಟರ್ ಅವರಿಗೆ ರಾಜೀನಾಮೆ ಕೊಡಿ, ಮತ್ತು ಅವರಿಗೆ ಕೊಡಬೇಕಾದ ನೋಟಿಸ್ ಅವಧಿ ಹೊಸ ಕಂಪನಿಯ ಸೇರುವ ದಿನಾಂಕಕ್ಕೆ ಹೊಂದದಿದ್ದರೆ ಆ ದಿನಾಂಕವನ್ನು ಒಪ್ಪಿಗೆ ಕೊಡುವ ಮೊದಲೇ ಬದಲಿಸಿಕೊಳ್ಳಿ.